ಪಿಕಿಂಗ್ ತಪ್ಪು ಎಲ್ಲಿಂದ ಬರುತ್ತಿದೆ? ಸ್ಕ್ಯಾನರ್, ದೀಪ, ಧ್ವನಿ ಮೂರೂ ಇರುವ ಗೋದಾಮಿಗೆ ದೋಷ ನಿವಾರಣೆ ಕೈಪಿಡಿ

ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತು ಇಂಥವನ್ನು ಅಂಗಡಿಗಳಿಗೆ ಕಳಿಸುವ ಮಧ್ಯಮ ಗಾತ್ರದ ಗೋದಾಮಿನಲ್ಲಿ ಕೆಲಸ ಮಾಡುವವರಿಗಾಗಿ ಇದನ್ನು ಬರೆದಿದ್ದೇನೆ. ಇಂಥ ಕಡೆ ಪಿಕಿಂಗ್, ಅಂದರೆ ಆರ್ಡರ್ ಪ್ರಕಾರ ಮಾಲನ್ನು ಅದರ ಜಾಗದಿಂದ ತೆಗೆಯುವ ಕೆಲಸ, ಹೀಗೆ ಹಂಚಿಕೆಯಾಗಿರುವುದುಂಟು: ಬೇಗ ಓಡುವ ಬಿಡಿ ಮಾಲಿಗೆ ಪಿಕ್-ಟು-ಲೈಟ್, ಅಂದರೆ ದೀಪ ಉರಿದ ಬಿನ್‌ನಿಂದ ತೆಗೆಯುವ ಪದ್ಧತಿ; ಪೂರ್ತಿ ಬಾಕ್ಸ್‌ಗಳಿಗೆ ಹೆಡ್‌ಸೆಟ್ ಹಾಕಿಕೊಂಡು ಮಾಡುವ ವಾಯ್ಸ್ ಪಿಕಿಂಗ್; ನಿಧಾನವಾಗಿ ಓಡುವ ಮಾಲಿಗೆ ಹ್ಯಾಂಡ್‌ಹೆಲ್ಡ್ ಸ್ಕ್ಯಾನರ್. ಮೂರಕ್ಕೂ ದುಡ್ಡು ಸುರಿದ ಮೇಲೂ ಅಂಗಡಿಯಿಂದ "ಬೇರೆ ಮಾಲು ಬಂದಿದೆ" ಅನ್ನುವ ಫೋನ್ ನಿಂತಿಲ್ಲವಾದರೆ ಮುಂದೆ ಓದಿ.

ಒಂದು ಮಾತನ್ನು ಕೊನೆಯವರೆಗೂ ನೆನಪಿಟ್ಟುಕೊಳ್ಳಬೇಕು. ಈ ಮೂರರಲ್ಲಿ ಒಂದೊಂದು ಒಂದೊಂದು ವಿಷಯವನ್ನು ಮಾತ್ರ ಪರೀಕ್ಷಿಸುತ್ತದೆ. ಮಾಲಿನ ಮೇಲಿನ ಬಾರ್‌ಕೋಡ್ ಓದಿದಾಗ ಆ ಮಾಲು ಯಾವುದು ಎಂದು ಗೊತ್ತಾಗುತ್ತದೆ, ಎಷ್ಟು ತೆಗೆದರು ಎಂದು ಗೊತ್ತಾಗುವುದಿಲ್ಲ. ದೀಪ ಎಲ್ಲಿಂದ ತೆಗೆಯಬೇಕು ಎಂದು ತೋರಿಸುತ್ತದೆ, ಕೈ ಅಲ್ಲಿಗೇ ಹೋಯಿತೇ ಎಂದು ಅದಕ್ಕೆ ತಿಳಿಯದು. ವಾಯ್ಸ್‌ನಲ್ಲಿ ಹೇಳುವ ಚೆಕ್ ಡಿಜಿಟ್, ಅಂದರೆ ಆ ಜಾಗದಲ್ಲಿ ಅಂಟಿಸಿದ ಅಂಕಿ, ಪಿಕ್ಕರ್ ಸರಿಯಾದ ಜಾಗದ ಮುಂದೆ ನಿಂತಿದ್ದಾರೆ ಎಂದು ಹೇಳುತ್ತದೆ, ಆ ಜಾಗದಲ್ಲಿ ಯಾವ ಮಾಲಿದೆ ಎಂದು ಹೇಳುವುದಿಲ್ಲ. ತಪ್ಪು ಸಿಕ್ಕ ಕೂಡಲೇ ಪಿಕ್ಕರ್ ಯಾರು ಎಂದು ಕೇಳುವ ಬದಲು, ಈ ತಪ್ಪನ್ನು ಹಿಡಿಯಬೇಕಿದ್ದ ಪರೀಕ್ಷೆ ಯಾವುದು, ಅದು ನಡೆಯಿತೇ ಎಂದು ಕೇಳಿದರೆ ಅರ್ಧ ದಾರಿ ಸವೆದಂತೆ.

## ಮೊದಲು ಮಾಡಬೇಕಾದ್ದು: ದೂರುಗಳನ್ನು ಬೇರೆ ಬೇರೆ ಮಾಡಿ

ಇದಕ್ಕೆ ಖರ್ಚಿಲ್ಲ. ಎರಡು ವಾರದ ದೂರುಗಳನ್ನೂ ಡಿಸ್ಪ್ಯಾಚ್ ಚೆಕಿಂಗ್‌ನಲ್ಲಿ ಸಿಕ್ಕ ತಪ್ಪುಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪ್ರತಿಯೊಂದರ ಎದುರು ತಪ್ಪಿನ ಬಗೆ (ಬೇರೆ ಮಾಲು, ಎಣಿಕೆ ವ್ಯತ್ಯಾಸ, ಬಿಟ್ಟುಹೋದ ಲೈನ್, ಬೇರೆಯವರ ಕ್ರೇಟ್‌ಗೆ ಬಿದ್ದ ಮಾಲು), ಲೊಕೇಶನ್, ಪಿಕ್ ಮಾಡಿದ ವಿಧಾನ, ಸಮಯ ಇಷ್ಟಿರಲಿ. ಪಿಕ್ಕರ್ ಹೆಸರಿನ ಕಾಲಮ್ ಮೊದಲ ವಾರ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೆಸರು ಬಂದ ಕೂಡಲೇ ಡಿಸ್ಪ್ಯಾಚ್‌ನವರು ತಪ್ಪನ್ನು ಸದ್ದಿಲ್ಲದೆ ಸರಿಮಾಡಿ ಕಳಿಸಿಬಿಡುತ್ತಾರೆ, ನಿಮ್ಮ ಹಾಳೆ ಖಾಲಿ ಉಳಿಯುತ್ತದೆ.

ಶೇಕಡಾ ಲೆಕ್ಕವನ್ನು ಲೈನ್ ಮೇಲೂ ಆರ್ಡರ್ ಮೇಲೂ ಹಾಕಿ; ಲೈನ್ ಎಂದರೆ ಆರ್ಡರಿನಲ್ಲಿ ಒಂದು ಮಾಲಿನ ಸಾಲು. ದಿನಕ್ಕೆ 4,000 ಲೈನ್‌ನಲ್ಲಿ 20 ತಪ್ಪಿದರೆ ಲೈನ್ ನಿಖರತೆ ಶೇ 99.5, ಕೇಳಲು ಚೆನ್ನಾಗಿದೆ. ಆದರೆ ಒಂದು ಆರ್ಡರ್‌ಗೆ ಸರಾಸರಿ 10 ಲೈನ್ ಎಂದರೆ ದಿನಕ್ಕೆ 400 ಆರ್ಡರ್. ಆ 20 ತಪ್ಪು 20 ಆರ್ಡರ್‌ಗಳಲ್ಲಿ ಹರಡಿಕೊಂಡರೆ ಇಪ್ಪತ್ತರಲ್ಲಿ ಒಬ್ಬ ಅಂಗಡಿಯವರಿಗೆ ದಿನವೂ ಏನೋ ಒಂದು ತಪ್ಪು ತಲುಪುತ್ತಿದೆ ಎಂದಾಯಿತು. ಅಂಗಡಿಯವರ ಸಿಟ್ಟಿಗೂ ನಿಮ್ಮ ವರದಿಗೂ ತಾಳೆಯಾಗದಿರುವುದು ಇದರಿಂದಲೇ.

## ಲಕ್ಷಣ 1: ಸ್ಕ್ಯಾನರ್ "ಸರಿ" ಅಂದಿದೆ, ಆದರೂ ಹೋಗಿದ್ದು ಬೇರೆ ಮಾಲು

ಸ್ಕ್ಯಾನ್ ಆದ ಮೇಲೂ ಮಾಲು ಬದಲಾಗಿದೆ ಎಂದರೆ ಮೊದಲು ನೋಡಬೇಕಾದ್ದು ಏನನ್ನು ಸ್ಕ್ಯಾನ್ ಮಾಡಿದರು ಎನ್ನುವುದನ್ನು. ಒಂದು ಗಂಟೆ ಸುಮ್ಮನೆ ಆ ಸಾಲಿನಲ್ಲಿ ನಿಂತು ನೋಡಿ. ಮಾಲಿನ ಬಾರ್‌ಕೋಡ್ ಬಾಕ್ಸಿನ ತಳದಲ್ಲೋ ಸುಕ್ಕುಗಟ್ಟಿದ ಪ್ಲಾಸ್ಟಿಕ್ ಒಳಗೋ ಇದ್ದರೆ, ಪಿಕ್ಕರ್‌ಗಳು ರ‍್ಯಾಕಿನ ಮೇಲೆ ಅಂಟಿಸಿದ ಬಾರ್‌ಕೋಡನ್ನೋ ಕಿಸೆಯಲ್ಲಿಟ್ಟುಕೊಂಡ ಹಾಳೆಯಲ್ಲಿನ ಪ್ರತಿಯನ್ನೋ ಓದಿಸುತ್ತಿರುತ್ತಾರೆ. ದಾಖಲೆಯಲ್ಲೂ ಇದರ ಗುರುತು ಸಿಗುತ್ತದೆ. ಲೊಕೇಶನ್ ಸ್ಕ್ಯಾನ್ ಆದ ಒಂದೇ ಸೆಕೆಂಡಿಗೆ ಮಾಲಿನ ಸ್ಕ್ಯಾನ್ ಬಿದ್ದಿದ್ದರೆ ಬಾಕ್ಸ್ ಕೈಗೆ ತೆಗೆದುಕೊಂಡು ತಿರುಗಿಸಲು ಸಮಯವೇ ಇರಲಿಲ್ಲ. ಇದಕ್ಕೆ ಪರಿಹಾರ ಗದರಿಕೆ ಅಲ್ಲ. ಸ್ಕ್ಯಾನ್ ಮಾಡಲು ಕಷ್ಟವಾಗುವ ಮಾಲುಗಳ ಪಟ್ಟಿ ಮಾಡಿ, ಮಾಲು ಗೋದಾಮಿಗೆ ಒಳಬರುವಾಗಲೇ ಅವುಗಳ ಕಣ್ಣಿಗೆ ಬೀಳುವ ಬದಿಗೆ ನಿಮ್ಮದೇ ಲೇಬಲ್ ಅಂಟಿಸಿ. ಆಮೇಲೆ ರ‍್ಯಾಕ್ ಮೇಲೆ ಮಾಲಿನ ಬಾರ್‌ಕೋಡ್ ಇರದಂತೆ, ಲೊಕೇಶನ್ ಕೋಡ್ ಮಾತ್ರ ಇರುವಂತೆ ಮಾಡಿ.

ಎರಡನೆಯದು ನಮ್ಮ ದೇಶದಲ್ಲಿ ಕಾಡುವ ತೊಂದರೆ. ಒಂದೇ ಮಾಲು, ಒಂದೇ ಇಎಎನ್-13 ಬಾರ್‌ಕೋಡ್, ಆದರೆ ಎರಡು ಎಂಆರ್‌ಪಿ. 2025ರ ಸೆಪ್ಟೆಂಬರ್ 22ರಂದು ಸೋಪು, ಶಾಂಪೂ, ಟೂತ್‌ಪೇಸ್ಟ್ ಇವುಗಳ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿಯಿತು. ತೆರಿಗೆಯ ಇಳಿಕೆಯನ್ನು ಪೂರ್ತಿ ದಾಟಿಸಿದರೆ ₹118ರ ಪ್ಯಾಕ್ ₹105ಕ್ಕೆ ಬರುತ್ತದೆ. ಬಾರ್‌ಕೋಡಿನಲ್ಲಿ ಬೆಲೆ ಇರುವುದಿಲ್ಲವಾದ್ದರಿಂದ ಎರಡೂ ಪ್ಯಾಕನ್ನು ಸ್ಕ್ಯಾನರ್ ಒಂದೇ ಎಂದು ಒಪ್ಪಿಕೊಳ್ಳುತ್ತದೆ. ಬೆಲೆ ಬದಲಾದಾಗಲೆಲ್ಲ ಇದೇ ಕತೆ. ಬಿಲ್ಲಿನಲ್ಲಿ ಒಂದು ಎಂಆರ್‌ಪಿ, ಬಾಕ್ಸಿನಲ್ಲಿ ಇನ್ನೊಂದು ಎಂಬ ದೂರು ನಿಮ್ಮ ಹಾಳೆಯಲ್ಲಿ ಗುಂಪುಗುಂಪಾಗಿ ಕಂಡರೆ ಸ್ಕ್ಯಾನರ್ ಬದಲಾಯಿಸಿ ಪ್ರಯೋಜನವಿಲ್ಲ. ಪ್ರತಿ ಎಂಆರ್‌ಪಿಗೂ ಬೇರೆ ಸ್ಟಾಕ್ ಸಾಲು, ಬೇರೆ ಲೊಕೇಶನ್ ಕೊಡಿ. ಎರಡು ಲೊಕೇಶನ್ ಅಕ್ಕಪಕ್ಕ ಬೇಡ. ಎರಡು ಬೆಲೆ ಚಾಲ್ತಿಯಲ್ಲಿರುವ ಮಾಲಿಗೆ ಮಾತ್ರ ಪಿಕ್ಕರ್ ಪ್ಯಾಕಿನ ಮೇಲಿನ ಎಂಆರ್‌ಪಿ ನೋಡಿ ಟೈಪ್ ಮಾಡಬೇಕು ಎಂಬ ಹೆಜ್ಜೆ ಸೇರಿಸಿ. ಎಲ್ಲ ಮಾಲಿಗೂ ಇದನ್ನು ಹಾಕಿದರೆ ವಾರದೊಳಗೆ ಪರದೆ ಮೇಲೆ ಕಾಣುವ ಬೆಲೆಯನ್ನೇ, ಪ್ಯಾಕ್ ನೋಡದೆ, ಒತ್ತುವ ಅಭ್ಯಾಸ ಬೀಳುತ್ತದೆ. ಎಂಆರ್‌ಪಿಯನ್ನು ಪರದೆಯಲ್ಲಿ ಮೊದಲೇ ತೋರಿಸದಿರುವುದೂ ಅಷ್ಟೇ ಮುಖ್ಯ.

ಮೂರನೆಯದು ಮಾಸ್ಟರ್ ಡೇಟಾ, ಅಂದರೆ ಪ್ರತಿ ಮಾಲಿನ ವಿವರ ತುಂಬಿಟ್ಟ ಪಟ್ಟಿ. ಒಂದೇ ಬಾರ್‌ಕೋಡ್ ಎರಡು ಐಟಂ ಕೋಡ್‌ಗೆ ಜೋಡಣೆಯಾಗಿದ್ದರೆ ವ್ಯವಸ್ಥೆ ಎರಡನ್ನೂ ಒಪ್ಪುತ್ತದೆ. ಡೇಟಾಬೇಸ್ ನೋಡುವವರು ಹೀಗೆ ಹುಡುಕಬಹುದು. ಟೇಬಲ್, ಕಾಲಮ್ ಹೆಸರು ನಿಮ್ಮಲ್ಲಿ ಬೇರೆ ಇದ್ದೀತು.

```
SELECT barcode, COUNT(DISTINCT item_code)
FROM item_barcodes
GROUP BY barcode
HAVING COUNT(DISTINCT item_code) > 1;
```

ಈ ಪಟ್ಟಿಯಲ್ಲಿ 8.90E+12 ಥರದ ಏನಾದರೂ ಕಂಡರೆ ಯಾರೋ ಎಕ್ಸೆಲ್ ಹಾಳೆಯಿಂದ ಬಾರ್‌ಕೋಡ್ ತುಂಬಿದ್ದಾರೆ ಎಂದರ್ಥ. ಎಕ್ಸೆಲ್ 13 ಅಂಕಿಯ ಸಂಖ್ಯೆಯನ್ನು ಚುಟುಕಾಗಿ ತೋರಿಸುತ್ತದೆ; ಹಾಗೇ ಸಿಎಸ್‌ವಿಯಾಗಿ ಉಳಿಸಿದರೆ ಕೊನೆಯ ಅಂಕಿಗಳು ಹೋಗೇಬಿಡುತ್ತವೆ. ಬಾರ್‌ಕೋಡ್ ಕಾಲಮನ್ನು ಮೊದಲೇ ಟೆಕ್ಸ್ಟ್ ಮಾಡಿಟ್ಟರೆ ಇದು ಆಗದು.

## ಲಕ್ಷಣ 2: ಮಾಲು ಸರಿ, ಎಣಿಕೆ ಮಾತ್ರ ಹೆಚ್ಚು ಕಡಿಮೆ

ವ್ಯತ್ಯಾಸದ ಸಂಖ್ಯೆಯೇ ಕಾರಣ ಹೇಳುತ್ತದೆ. ಒಂದೆರಡು ಪೀಸ್ ಹೆಚ್ಚು ಕಡಿಮೆಯಾಗಿದ್ದರೆ ಅದು ಕೈಎಣಿಕೆಯ ತಪ್ಪು. ವ್ಯತ್ಯಾಸ 6 ಪಟ್ಟು, 12 ಪಟ್ಟು, 16 ಪಟ್ಟು ಹೀಗಿದ್ದರೆ ಅಳತೆಯ ಘಟಕದ ಗೊಂದಲ. ಆರ್ಡರ್‌ನಲ್ಲಿ "2" ಎಂದಿದೆ. ಎರಡು ಸ್ಯಾಷೆಯೋ, ಎರಡು ಸರವೋ, ಎರಡು ಬಾಕ್ಸೋ? ಶಾಂಪೂ ಸ್ಯಾಷೆ ಇರುವ ಗೋದಾಮಿನಲ್ಲಿ ಈ ಪ್ರಶ್ನೆಗೆ ಮೂವರು ಮೂರು ಉತ್ತರ ಕೊಡುತ್ತಾರೆ.

ಮೊದಲ ಪರಿಹಾರ ಪುಕ್ಕಟೆ. ಪರದೆಯಲ್ಲಿ, ದೀಪದ ಪಕ್ಕದ ಲೇಬಲ್‌ನಲ್ಲಿ, ವಾಯ್ಸ್ ಹೇಳುವ ವಾಕ್ಯದಲ್ಲಿ ಸಂಖ್ಯೆಯ ಜೊತೆ ಘಟಕವನ್ನೂ ಹೇಳಿಸಿ: "ಎರಡು ಸರ", "ಮೂರು ಬಾಕ್ಸ್". ಅದರ ನಂತರ ಬಾರ್‌ಕೋಡ್ ಮಟ್ಟಕ್ಕೆ ಬನ್ನಿ. ಬಿಡಿ ಪೀಸಿಗೆ ಇಎಎನ್-13, ಹೊರಬಾಕ್ಸಿಗೆ ಐಟಿಎಫ್-14 ಇರುವುದು ವಾಡಿಕೆ. ಎರಡನ್ನೂ ಮಾಸ್ಟರ್‌ನಲ್ಲಿ ಬೇರೆ ಬೇರೆಯಾಗಿ, ಸರಿಯಾದ ಪೀಸ್ ಸಂಖ್ಯೆಯೊಂದಿಗೆ ದಾಖಲಿಸಿದ್ದೀರಾ ನೋಡಿ. ಆರು ಪೀಸನ್ನು ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಪ್ಯಾಕ್ ಬಲು ಮೋಸದ್ದು. ಒಳಗಿನ ಪೀಸಿನ ಬಾರ್‌ಕೋಡ್ ಹೊರಗೆ ಕಾಣುವುದರಿಂದ ಸ್ಕ್ಯಾನರ್ ಅದನ್ನೇ ಓದಿ "1" ಎಂದು ಲೆಕ್ಕ ಹಾಕುತ್ತದೆ, ಹೋಗುವುದು ಆರು. ಅಂಥ ಪ್ಯಾಕಿನ ಮೇಲೆ ಒಳಗಿನ ಕೋಡ್ ಮುಚ್ಚುವಂತೆ ಪ್ಯಾಕಿನ ಲೇಬಲ್ ಅಂಟಿಸಬೇಕು.

ಐಟಿಎಫ್ ಸಂಕೇತದಲ್ಲಿ ಇನ್ನೊಂದು ದೌರ್ಬಲ್ಯವಿದೆ. ಸ್ಕ್ಯಾನರಿನ ಗೆರೆ ಓರೆಯಾಗಿ ಹಾದು ಕೋಡಿನ ಮೇಲ್ತುದಿಯಿಂದ ಹೊರಬಿದ್ದರೆ ಅರ್ಧ ಸಂಖ್ಯೆಯನ್ನೇ ಪೂರ್ಣವೆಂದು ಓದುವ ಸಾಧ್ಯತೆ ಇದೆ. ಬಾಕ್ಸಿನ ಮೇಲಿನ ಕೋಡಿಗೆ ಸುತ್ತ ದಪ್ಪ ಚೌಕಟ್ಟು ಹಾಕುವುದು ಇದನ್ನು ತಡೆಯಲೂ ಹೌದು. ಸ್ಕ್ಯಾನರ್ ಸೆಟ್ಟಿಂಗ್‌ನಲ್ಲಿ ಐಟಿಎಫ್ ಉದ್ದವನ್ನು 14 ಅಂಕಿಗೆ ಕಟ್ಟಿಹಾಕಿದರೆ ತೊಂದರೆ ಮುಗಿಯಿತು.

ಹನ್ನೆರಡು ಪೀಸಿಗೆ ಹನ್ನೆರಡು ಬಾರಿ ಸ್ಕ್ಯಾನ್ ಕಡ್ಡಾಯ ಮಾಡಿದರೆ ಎಣಿಕೆ ಸರಿಹೋಗುತ್ತದೆಯೇ? ಅಷ್ಟಾಗಿ ಇಲ್ಲ. ಒಂದೇ ಪೀಸನ್ನು ಹಿಡಿದು ಹನ್ನೆರಡು ಸಲ ಬೀಪ್ ಅನ್ನಿಸುತ್ತಾರೆ; ಕೆಲವೇ ಸೆಕೆಂಡುಗಳಲ್ಲಿ ಹನ್ನೆರಡು ಸ್ಕ್ಯಾನ್ ಬಿದ್ದ ದಾಖಲೆ ಅದನ್ನೇ ಹೇಳುತ್ತದೆ. ಬೆಲೆಬಾಳುವ ಮಾಲಿಗೆ ಮಾತ್ರ ಪೀಸ್ ಸ್ಕ್ಯಾನ್ ಇಟ್ಟು, ಉಳಿದದ್ದಕ್ಕೆ ಕೊನೆಯಲ್ಲಿ ಕ್ರೇಟ್ ತೂಕ ನೋಡುವುದು ಮೇಲು. ತೂಕಕ್ಕೂ ಮಿತಿ ಇದೆ. 12 ಕಿಲೋದ ಕ್ರೇಟಿನಲ್ಲಿ ಒಂದು ಸ್ಯಾಷೆ ಕಡಿಮೆಯಾದದ್ದು ತಿಳಿಯುವುದಿಲ್ಲ. ಒಂದೇ ತೂಕದ ಎರಡು ಪರಿಮಳದ ಸೋಪು ಅದಲುಬದಲಾದದ್ದೂ ತಿಳಿಯುವುದಿಲ್ಲ.

## ಲಕ್ಷಣ 3: ಸ್ಕ್ಯಾನ್ ಆಗುತ್ತಿಲ್ಲ, ನಂಬರ್ ಟೈಪ್ ಮಾಡುತ್ತಿದ್ದಾರೆ

ಗೋದಾಮು ನಡೆಸುವ ತಂತ್ರಾಂಶವಾದ ಡಬ್ಲ್ಯುಎಂಎಸ್ ದಾಖಲೆಯಲ್ಲಿ ಕೈಯಿಂದ ಟೈಪ್ ಮಾಡಿದ ನಮೂದುಗಳನ್ನು ಸಾಧನ, ಲೊಕೇಶನ್, ಮಾಲು ಇವುಗಳ ಪ್ರಕಾರ ತೆಗೆಯಿರಿ. ಅವು ಒಂದೇ ಸಾಧನದಿಂದ ಬರುತ್ತಿದ್ದರೆ ತೊಂದರೆ ಸ್ಕ್ಯಾನರಿನದು. ಒಂದೇ ಲೊಕೇಶನ್ ಆದರೆ ಲೇಬಲ್ಲಿನದು. ಒಂದೇ ಮಾಲಾದರೆ ತಯಾರಕರ ಮುದ್ರಣದ್ದು. ಒಂದೇ ಮೂಲೆಯ ಎಲ್ಲವೂ ಆದರೆ ಅಲ್ಲಿ ವೈಫೈ ಕ್ಷೀಣವಾಗಿದೆ. ಬೀಪ್ ಬರುತ್ತದೆ, ಪರದೆ ಮುಂದೆ ಹೋಗುವುದಿಲ್ಲ.

ಸ್ಕ್ಯಾನರಿನದಾದರೆ ಮುಂದಿನ ಗಾಜನ್ನು ಒಣ ಮೆತ್ತನೆ ಬಟ್ಟೆಯಿಂದ ಒರೆಸಿ, ಬೇರೆ ಸ್ಕ್ಯಾನರಿನಲ್ಲಿ ಅದೇ ಲೇಬಲ್ ಓದಿಸಿ ನೋಡಿ. ಲೇಬಲ್ ಆದರೆ ಮೊದಲು ಅದು ಯಾವ ಬಗೆಯ ಮುದ್ರಣ ಎಂದು ತಿಳಿಯಿರಿ. ಉಗುರಿನಿಂದ ರಭಸವಾಗಿ ಗೀಚಿದಾಗ ಕಪ್ಪು ಗೆರೆ ಮೂಡಿದರೆ ಅದು ಡೈರೆಕ್ಟ್ ಥರ್ಮಲ್ ಕಾಗದ. ಬಿಸಿಲು, ಸೆಕೆಗೆ ಅದು ಮಂಕಾಗುತ್ತದೆ. ತಗಡಿನ ಚಾವಣಿಯ ಕೆಳಗೆ ರ‍್ಯಾಕ್ ಲೇಬಲ್‌ಗೆ ಅದನ್ನು ಬಳಸಬಾರದು. ರಿಬ್ಬನ್ ಹಾಕುವ ಥರ್ಮಲ್ ಟ್ರಾನ್ಸ್‌ಫರ್ ಮುದ್ರಣವೇ ಬೇಕು. ಹೊಸ ಲೇಬಲ್‌ಗಳಲ್ಲೆಲ್ಲ ಕಾಗದ ಹೊರಬರುವ ದಿಕ್ಕಿಗೆ ಬಿಳಿ ಗೆರೆಯೊಂದು ಕಾಣುತ್ತಿದ್ದರೆ ಪ್ರಿಂಟರ್ ಹೆಡ್ ಮೇಲೆ ಕೊಳೆ ಕೂತಿದೆ, ಇಲ್ಲವೇ ಅದರ ಒಂದು ಚುಕ್ಕೆ ಸುಟ್ಟಿದೆ. ಒರೆಸಿಯೂ ಹೋಗದಿದ್ದರೆ ಹೆಡ್ ಬದಲಿಸಬೇಕು. ಕೆಂಪು ಶಾಯಿಯ ಗೆರೆ ಕೆಂಪು ಬೆಳಕಿನ ಸ್ಕ್ಯಾನರಿಗೆ ಬಿಳಿಯಂತೆಯೇ ಕಾಣುತ್ತದೆ. ಕೋಡಿನ ಎಡಬಲಗಳಲ್ಲಿ ಬಿಡಬೇಕಾದ ಖಾಲಿ ಜಾಗದ ಮೇಲೆ ಟೇಪ್ ತುದಿಯೋ ಪೆನ್ನಿನ ಬರಹವೋ ಬಂದರೂ ಓದುವುದಿಲ್ಲ.

ಟೈಪ್ ಮಾಡಿದರೆ ಏನಾಯಿತು, ಬಾರ್‌ಕೋಡಿನಲ್ಲೇ ಚೆಕ್ ಡಿಜಿಟ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇಎಎನ್-13ರ ಕೊನೆಯ ಅಂಕಿ ಒಂದು ಅಂಕಿ ತಪ್ಪಿದರೆ ಖಂಡಿತ ಹಿಡಿಯುತ್ತದೆ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಹೆಚ್ಚಿನವನ್ನು ಹಿಡಿಯುತ್ತದೆ, ಆದರೆ ಅವುಗಳ ನಡುವಿನ ಅಂತರ 5 ಆಗಿದ್ದರೆ (27 ಇರುವಲ್ಲಿ 72) ಹಿಡಿಯುವುದಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಟೈಪ್ ಮಾಡುವವರು ಆ ಸಂಖ್ಯೆಯನ್ನು ಮಾಲಿನಿಂದ ನೋಡಿ ಒತ್ತುತ್ತಿದ್ದಾರೋ ಪರದೆಯಿಂದಲೋ ಎಂದು ನಿಮಗೆ ತಿಳಿಯುವುದೇ ಇಲ್ಲ. ಆದ್ದರಿಂದ ಟೈಪ್ ಮಾಡುವ ಅವಕಾಶ ಸೂಪರ್‌ವೈಸರ್ ಪಾಸ್‌ವರ್ಡ್‌ಗೆ ಮಾತ್ರ ಇರಲಿ. ಹಾಗೆ ಮಾಡುವ ಮೊದಲು ಲೇಬಲ್ ಸರಿಪಡಿಸಿ. ಇಲ್ಲದಿದ್ದರೆ ಕೆಲಸ ನಿಂತು ಪಾಸ್‌ವರ್ಡ್ ಎಲ್ಲರ ಬಾಯಲ್ಲೂ ಇರುತ್ತದೆ.

ಎಚ್ಚರಿಕೆ: ಮೇಲಿನ ಹಂತದ ಲೇಬಲ್ ಬದಲಿಸಲು ರ‍್ಯಾಕ್ ಹತ್ತಬೇಡಿ, ಫೋರ್ಕ್‌ಲಿಫ್ಟಿನ ಫೋರ್ಕ್ ಮೇಲೆ ನಿಲ್ಲಬೇಡಿ. ಆ ಸಾಲಿಗೆ ಗಾಡಿ ಬರದಂತೆ ಎರಡೂ ತುದಿ ಮುಚ್ಚಿ, ಚಕ್ರಕ್ಕೆ ಲಾಕ್ ಇರುವ ಪ್ಲಾಟ್‌ಫಾರ್ಮ್ ಏಣಿ ಬಳಸಿ. ಹ್ಯಾಂಡ್‌ಹೆಲ್ಡಿನ ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕದೆ, ಒತ್ತಿ ಕೂರಿಸದೆ, ಆ ಸಾಧನವನ್ನು ಮಾಲಿನಿಂದ ದೂರ ಬೇರೆ ಇಡಿ.

## ಲಕ್ಷಣ 4: ದೀಪ ಸರಿಯಾಗಿ ಉರಿದಿದೆ, ಬಂದಿದ್ದು ಪಕ್ಕದ ಬಿನ್ನಿನ ಮಾಲು

ಇಲ್ಲಿ ನಿಧಾನವಾಗಿ ನೋಡಬೇಕು. ಒಂದೇ ದೂರಿಗೆ ಎರಡು ಬೇರೆ ಕಾರಣ ಇರಬಹುದು, ಎರಡರ ಪರಿಹಾರವೂ ಬೇರೆ. ಪಿಕ್ಕರ್ ಕೈ ಪಕ್ಕದ ಬಿನ್ನಿಗೆ ಹೋಯಿತೇ ಅಥವಾ ಬಿನ್ನಿನಲ್ಲೇ ಬೇರೆ ಮಾಲು ತುಂಬಿತ್ತೇ? ಎರಡು ಬಿನ್ ಎಣಿಸಿದರೆ ಉತ್ತರ ಸಿಗುತ್ತದೆ, ಆದರೆ ದೂರು ಬಂದ ದಿನವೇ ಎಣಿಸಬೇಕು.

ಉದಾಹರಣೆಗೆ, ತುಮಕೂರಿನ ಒಂದು ಅಂಗಡಿ ಕಪ್ಪು ಮುಚ್ಚಳದ ಶಾಂಪೂ 6 ಕೇಳಿತ್ತು, ಅದೇ ಗಾತ್ರದ ಹಸಿರು ಮುಚ್ಚಳದ್ದು 6 ಹೋಗಿದೆ. ಕಪ್ಪಿನ ಬಿನ್ 14, ಹಸಿರಿನ ಬಿನ್ 15. ಈ ಪಿಕ್ ಆದ ಮೇಲೆ ವ್ಯವಸ್ಥೆಯ ಪ್ರಕಾರ 14ರಲ್ಲಿ 42, 15ರಲ್ಲಿ 30 ಇರಬೇಕು. ಎಣಿಸಿದಾಗ 14ರಲ್ಲಿ 48 ಕಪ್ಪು, 15ರಲ್ಲಿ 24 ಹಸಿರು ಸಿಕ್ಕರೆ ಕೈ ತಪ್ಪಿದೆ ಎಂದೇ ಅರ್ಥ: ಒಂದರಲ್ಲಿ 6 ಹೆಚ್ಚು, ಇನ್ನೊಂದರಲ್ಲಿ 6 ಕಡಿಮೆ.

ಆದರೆ 15ರಲ್ಲಿ ಸರಿಯಾಗಿ 30 ಇದ್ದು, 14ರಲ್ಲಿ ಒಟ್ಟು 42 ಇದ್ದರೂ ಅದರಲ್ಲಿ 24 ಕಪ್ಪು, 18 ಹಸಿರು ಎಂದು ಸಿಕ್ಕರೆ? ಹಸಿರು 18, ಅಂಗಡಿಗೆ ಹೋದ 6, ಕೂಡಿದರೆ 24. ಒಂದು ಪೂರ್ತಿ ಬಾಕ್ಸ್. ಮೇಲಿನ ಸ್ಟಾಕಿನಿಂದ ಬಿನ್ ತುಂಬಿಸಿದವರು ಕಪ್ಪಿನ ಬಾಕ್ಸ್ ಬದಲು ಹಸಿರಿನದನ್ನು 14ಕ್ಕೆ ಸುರಿದಿದ್ದಾರೆ, ಹೊಸದು ಮುಂದೆ ಬಿದ್ದಿದ್ದರಿಂದ ಅದೇ ಮೊದಲು ಹೋಗಿದೆ. ಮೇಲೆ ಎಣಿಸಿದರೆ ಕಪ್ಪು ಒಂದು ಬಾಕ್ಸ್ ಹೆಚ್ಚು, ಹಸಿರು ಒಂದು ಬಾಕ್ಸ್ ಕಡಿಮೆ ಇರುತ್ತದೆ. ಅಲ್ಲಿಗೆ ಸಂದೇಹ ತೀರಿತು. ದೀಪ ನಂಬಿ ಕೆಲಸ ಮಾಡಿದ ಪಿಕ್ಕರಿನದು ಇದರಲ್ಲಿ ತಪ್ಪಿಲ್ಲ. ಆ ಬಾಕ್ಸ್ ಸುರಿದ ಹೊತ್ತಿನಿಂದ ಈಗಿನವರೆಗೆ ಬಿನ್ 14ರಿಂದ ಹೋದ ಎಲ್ಲ ಆರ್ಡರ್ ಪಟ್ಟಿ ತೆಗೆದು, ಲಾರಿ ಹೊರಡದಿದ್ದವನ್ನು ತಡೆದು ನೋಡಿ.

ತುಂಬುವ ತಪ್ಪಿಗೆ ಪರಿಹಾರ ಬಿನ್ ತುಂಬುವಾಗ ಬಾಕ್ಸಿನ ಕೋಡ್, ಬಿನ್ನಿನ ಕೋಡ್ ಎರಡನ್ನೂ ಸ್ಕ್ಯಾನ್ ಮಾಡಿಸುವುದು. ಪಿಕ್-ಟು-ಲೈಟ್ ಹಾಕಿಸುವವರು ಪಿಕ್ಕರಿನ ಕಡೆಯ ಸಾಧನಕ್ಕೆ ಖರ್ಚು ಮಾಡಿ, ತುಂಬುವವರ ಕೈಗೆ ಸ್ಕ್ಯಾನರ್ ಕೊಡದೆ ಬಿಡುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ದೀಪದ ಸಾಲಿನಲ್ಲಿ ಮಾಲಿನ ಗುರುತನ್ನು ಪರೀಕ್ಷಿಸುವ ಜಾಗ ಅದೊಂದೇ.

ಕೈ ತಪ್ಪುತ್ತಿದ್ದರೆ ಕಪ್ಪು, ಹಸಿರು ಮುಚ್ಚಳಗಳನ್ನು ಅಕ್ಕಪಕ್ಕ ಇಡಬೇಡಿ. ನಡುವೆ ಸೋಪಿನಂತಹ ಬೇರೆ ಆಕಾರದ್ದನ್ನು ಇಡಿ. ಬಿನ್‌ಗಳ ನಡುವೆ ಎದ್ದು ಕಾಣುವ ತಡೆ ಇರಲಿ. ಒಂದೇ ಸಾಲಿನಲ್ಲಿ ಇಬ್ಬರು ಒಂದೇ ಬಣ್ಣದ ದೀಪದ ಹಿಂದೆ ಓಡುತ್ತಿದ್ದರೆ ಒಬ್ಬರ ಮಾಲು ಇನ್ನೊಬ್ಬರ ಕ್ರೇಟಿಗೆ ಬೀಳುತ್ತದೆ. ಇಬ್ಬರಿಗೂ ಬೇರೆ ಬಣ್ಣ ಕೊಡಿ ಅಥವಾ ಸಾಲನ್ನು ಭಾಗಮಾಡಿ. ಮಾಲು ತೆಗೆಯುವ ಮೊದಲೇ ಗುಂಡಿ ಒತ್ತುವ ಅಭ್ಯಾಸವಿದ್ದರೆ ಲೈನ್ ಬಿಟ್ಟುಹೋಗುತ್ತದೆ. ಒಂದೇ ಹೊತ್ತಿಗೆ ಉರಿದ ಐದಾರು ದೀಪಗಳ ಗುಂಡಿ ಒಂದೇ ಉಸಿರಿನಲ್ಲಿ ಒತ್ತಿದ ಸಮಯ ದಾಖಲೆಯಲ್ಲಿ ಕಾಣುತ್ತದೆ.

## ಲಕ್ಷಣ 5: ದೀಪವೇ ತಪ್ಪು ಜಾಗದಲ್ಲಿ ಉರಿಯುತ್ತದೆ, ಅಥವಾ ಅಂಕಿ ತಪ್ಪಾಗಿ ಕಾಣುತ್ತದೆ

ನಿನ್ನೆ ಮೊನ್ನೆ ಯಾವುದಾದರೂ ದೀಪದ ಮಾಡ್ಯೂಲ್ ಬದಲಿಸಿದ್ದೀರಾ? ಹೊಸ ಮಾಡ್ಯೂಲಿಗೆ ಹಳೆಯದರ ವಿಳಾಸ ಕೊಡದಿದ್ದರೆ, ಅಥವಾ ಎರಡನ್ನು ಬಿಚ್ಚಿ ಅದಲುಬದಲು ಕೂರಿಸಿದ್ದರೆ, 22ರ ಆರ್ಡರ್‌ಗೆ 23 ಉರಿಯುತ್ತದೆ. ಟೆಸ್ಟ್ ಮೋಡಿಗೆ ಹಾಕಿ ಒಂದೊಂದೇ ದೀಪ ಉರಿಸುತ್ತಾ, ಲೊಕೇಶನ್ ಪಟ್ಟಿ ಹಿಡಿದು ಸಾಲಿನ ಉದ್ದಕ್ಕೂ ನಡೆಯಿರಿ. ಪಾಳಿ ಶುರುವಾಗುವ ಮೊದಲು ಮುಗಿಯುವ ಕೆಲಸ.

ಅದೇ ಟೆಸ್ಟಿನಲ್ಲಿ ಎಲ್ಲ ಡಿಸ್‌ಪ್ಲೇಗಳಲ್ಲಿ 8 ಬರಿಸಿ. ಏಳು ಗೆರೆಯ ಅಂಕಿಯಲ್ಲಿ ಒಂದು ಗೆರೆ ಸತ್ತರೆ ಅಂಕಿ ಬೇರೆಯದೇ ಆಗುತ್ತದೆ. ಮೇಲಿನ ಅಡ್ಡಗೆರೆ ಹೋದರೆ 7 ಕಾಣುವುದು 1ರಂತೆ, ನಡುಗೆರೆ ಹೋದರೆ 8 ಕಾಣುವುದು 0ಯಂತೆ. ಒಂದೇ ಬಿನ್ನಿನಿಂದ ಪದೇಪದೇ ಎಣಿಕೆ ಕಡಿಮೆ ಬರುತ್ತಿದ್ದರೆ ಇದನ್ನು ಮರೆಯದೆ ನೋಡಿ.

ಸಾಲಿನ ಕೊನೆಯ ಮಾಡ್ಯೂಲ್‌ಗಳು ಮಾತ್ರ ಮಂಕಾಗಿ, ಮಿಣಮಿಣ ಅನ್ನುತ್ತಿದ್ದರೆ ಅಲ್ಲಿಗೆ ಸಾಕಷ್ಟು ವೋಲ್ಟೇಜ್ ತಲುಪುತ್ತಿಲ್ಲ. ಸಡಿಲ ಕನೆಕ್ಟರ್ ಇದೆಯೇ ನೋಡಿ. ಈ ವ್ಯವಸ್ಥೆಗಳು ಸಾಮಾನ್ಯವಾಗಿ 24 ವೋಲ್ಟ್ ಡಿಸಿಯಲ್ಲಿ ನಡೆಯುತ್ತವೆ; ನಿಮ್ಮದು ಎಷ್ಟೆಂದು ಪವರ್ ಸಪ್ಲೈ ಮೇಲೆ ಬರೆದಿರುತ್ತದೆ. ಆ ಪವರ್ ಸಪ್ಲೈ ಬಾಕ್ಸಿನ ಒಳಗೆ 230 ವೋಲ್ಟ್ ಇರುತ್ತದೆ. ಅದನ್ನು ತೆರೆಯುವುದು ಎಲೆಕ್ಟ್ರಿಷಿಯನ್ ಕೆಲಸ, ನಿಮ್ಮದಲ್ಲ.

## ಲಕ್ಷಣ 6: ವಾಯ್ಸ್ ಪಿಕಿಂಗ್‌ನಲ್ಲಿ ಅನುಭವಸ್ಥರಿಂದಲೇ ಹೆಚ್ಚು ತಪ್ಪು

ವಾಯ್ಸ್‌ನಲ್ಲಿ ವ್ಯವಸ್ಥೆ ಲೊಕೇಶನ್ ಹೇಳುತ್ತದೆ, ಪಿಕ್ಕರ್ ಅಲ್ಲಿಗೆ ಹೋಗಿ ಅಂಟಿಸಿದ ಎರಡು ಮೂರು ಅಂಕಿಯ ಚೆಕ್ ಡಿಜಿಟ್ ಓದಿ ಹೇಳುತ್ತಾರೆ. ಹೊಸಬರು ತಪ್ಪು ಮಾಡದೆ ಹಳಬರು ಮಾಡುತ್ತಿದ್ದರೆ ಅಂಕಿಗಳು ಬಾಯಿಪಾಠವಾಗಿವೆ. ಅಲ್ಲಿಗೆ ತಲುಪುವ ಮೊದಲೇ, ನಡೆಯುತ್ತಲೇ ಹೇಳಿಬಿಡುತ್ತಾರೆ. ವ್ಯವಸ್ಥೆ ಲೊಕೇಶನ್ ಹೇಳಿದ ಸಮಯ, ಉತ್ತರ ಬಂದ ಸಮಯ ಎರಡನ್ನೂ ಪಕ್ಕಪಕ್ಕ ಇಡಿ. ಹಿಂದಿನ ಲೊಕೇಶನ್ ಇಪ್ಪತ್ತು ಮೀಟರ್ ದೂರವಿದ್ದು ಉತ್ತರ ಎರಡು ಸೆಕೆಂಡಿನಲ್ಲಿ ಬಂದಿದ್ದರೆ ಅಂಕಿ ನೋಡಿ ಹೇಳಿದ್ದಲ್ಲ.

ಮೊದಲು ಹೆಚ್ಚು ತಪ್ಪು ಬರುವ ಸಾಲುಗಳ ಚೆಕ್ ಡಿಜಿಟ್ ಮಾತ್ರ ಬದಲಿಸಿ, ಹಳೆಯ ಲೇಬಲ್ ಪೂರ್ತಿ ಕಿತ್ತುಹಾಕಿ. ಹೊಸ ಅಂಕಿ ಲೊಕೇಶನ್ ಸಂಖ್ಯೆಯಿಂದ ಊಹಿಸುವಂತೆ ಇರಬಾರದು. ಅಕ್ಕಪಕ್ಕ, ಮೇಲೆ ಕೆಳಗೆ ಒಂದೇ ಅಂಕಿ ಬರಬಾರದು. ನಮ್ಮಲ್ಲಿ ಅಂಕಿಗಳನ್ನು ಇಂಗ್ಲಿಷಿನಲ್ಲೇ ಹೇಳುವುದು ರೂಢಿಯಾದ್ದರಿಂದ ಫೈವ್, ನೈನ್ ಎರಡರ ನಡುವೆ ಗೊಂದಲವಾಗಬಹುದು. ಹತ್ತಿರದ ಎರಡು ಲೊಕೇಶನ್‌ಗಳ ಅಂಕಿಯಲ್ಲಿ ಅಷ್ಟೇ ವ್ಯತ್ಯಾಸವಿರದಂತೆ ನೋಡಿಕೊಳ್ಳಿ. ಅಂಕಿಯನ್ನು ಬಿಡಿಸಿ ಹೇಳಿಸಿ: "ಒನ್ ಫೈವ್" ಎನ್ನಲಿ, "ಫಿಫ್ಟೀನ್" ಬೇಡ, ಅದು "ಫಿಫ್ಟಿ"ಯಾಗಿ ಕೇಳಿಸುತ್ತದೆ.

ತಪ್ಪು ಬಾಕ್ಸ್ ಸರಿಯಾಗಿ ಒಂದು ಹಂತ ಮೇಲಿನದೋ ಕೆಳಗಿನದೋ ಆಗಿದ್ದರೆ ಕಾರಣ ಬೇರೆ. ಅಡ್ಡ ಬೀಮಿನ ಮೇಲೆ ಅಂಟಿಸಿದ ಲೇಬಲ್ ಮೇಲಿನ ಹಂತದ್ದೋ ಕೆಳಗಿನದ್ದೋ ತಿಳಿಯುತ್ತಿಲ್ಲ. ದೊಡ್ಡ ಬಾಣದ ಗುರುತು ಮತ್ತು ಹಂತಕ್ಕೊಂದು ಬಣ್ಣ ಹಾಕಿದರೆ ಈ ತಪ್ಪು ನಿಲ್ಲುತ್ತದೆ.

## ಲಕ್ಷಣ 7: ವಾಯ್ಸ್ ಮತ್ತೆ ಮತ್ತೆ ಕೇಳುತ್ತದೆ, ಹೇಳಿದ್ದೊಂದು ಕೇಳಿಸಿಕೊಂಡದ್ದು ಇನ್ನೊಂದು

ಮೈಕ್ ಎಲ್ಲಿದೆ ನೋಡಿ. ಬಾಯಿಯ ನೇರ ಮುಂದೆ ಇದ್ದರೆ ಉಸಿರಿನ ಸದ್ದು ಹೊಕ್ಕುತ್ತದೆ, ಗಲ್ಲದ ಕೆಳಗೆ ಜಾರಿದ್ದರೆ ಮಾತೇ ಕೇಳಿಸುವುದಿಲ್ಲ. ತುಟಿಯ ಮೂಲೆಯಿಂದ ಎರಡು ಬೆರಳು ದೂರ ಇರಲಿ, ಮೈಕಿನ ಮುಂಭಾಗ ಬಾಯಿಯ ಕಡೆ ತಿರುಗಿರಲಿ. ಸ್ಪಂಜು ಹರಿದಿದ್ದರೆ ಬದಲಿಸಿ. ಸ್ಪಂಜು ಒಬ್ಬೊಬ್ಬರಿಗೂ ಸ್ವಂತದ್ದೇ ಇರಬೇಕು.

ಇಷ್ಟಾದರೂ ಸರಿಯಾಗದಿದ್ದರೆ, ಮತ್ತು ನಿಮ್ಮ ವ್ಯವಸ್ಥೆ ಒಬ್ಬೊಬ್ಬರ ಧ್ವನಿಯನ್ನು ಕಲಿತುಕೊಳ್ಳುವ ಬಗೆಯದಾಗಿದ್ದರೆ, ಆ ಕಲಿಕೆ ಎಲ್ಲಿ ನಡೆಯಿತು ಎಂದು ಕೇಳಿ. ಸದ್ದಿಲ್ಲದ ಆಫೀಸಿನಲ್ಲಿ ಕೂತು, ತಡೆದು ತಡೆದು ಹೇಳಿದ ಅಂಕಿಗೂ ಕನ್ವೇಯರ್ ಪಕ್ಕ ಅವಸರದಲ್ಲಿ ಹೇಳುವ ಅಂಕಿಗೂ ಹೋಲಿಕೆ ಇರುವುದಿಲ್ಲ. ಕೆಲಸದ ಜಾಗದಲ್ಲೇ, ಅವರು ದಿನವೂ ಮಾತಾಡುವ ವೇಗದಲ್ಲೇ ಮತ್ತೆ ಕಲಿಸಿ. ಎಲ್ಲ ಅಂಕಿಯನ್ನೂ ಬೇಕಿಲ್ಲ, ಗೊಂದಲವಾಗುವ ಪದಗಳನ್ನಷ್ಟೇ ಕಲಿಸಲು ಸಾಧ್ಯವಿದ್ದರೆ ಅಷ್ಟು ಸಾಕು.

ಎಚ್ಚರಿಕೆ: ರೀಚ್ ಟ್ರಕ್, ಫೋರ್ಕ್‌ಲಿಫ್ಟ್ ಓಡಾಡುವ ಕಡೆ ಒಂದೇ ಕಿವಿ ಮುಚ್ಚುವ ಹೆಡ್‌ಸೆಟ್ ಕೊಡಿ, ಹಾರ್ನ್ ಕೇಳಿಸಬೇಕು. ಸದ್ದು ತಡೆಯಲೆಂದು ಎರಡೂ ಕಿವಿ ಮುಚ್ಚುವುದು ಬೇಡ.

## ಎಲ್ಲಿ ನಿಲ್ಲಿಸಿ ಬೇರೆಯವರನ್ನು ಕರೆಯಬೇಕು

ಲೊಕೇಶನ್, ಲೇಬಲ್, ಮಾಸ್ಟರ್ ಡೇಟಾ, ಹೆಡ್‌ಸೆಟ್ ಇವು ನಿಮ್ಮ ಕೈಯಲ್ಲಿರುವ ಕೆಲಸಗಳು. ಈ ಕೆಳಗಿನವು ಅಲ್ಲ. ಒಂದೇ ಆರ್ಡರ್ ಲೈನ್ ಎರಡು ಬಾರಿ ಪಿಕ್ ಆಗಿ ಬರುತ್ತಿದ್ದರೆ, ಅಥವಾ ಗುಂಡಿ ಒತ್ತಿದ ಮೇಲೂ ಡಬ್ಲ್ಯುಎಂಎಸ್‌ನಲ್ಲಿ ಲೈನ್ ತೆರೆದೇ ಇದ್ದರೆ ಎರಡು ತಂತ್ರಾಂಶಗಳ ನಡುವಿನ ಸಂದೇಶ ಕಳೆದುಹೋಗುತ್ತಿದೆ. ಸ್ಟಾಕನ್ನು ಕೈಯಿಂದ ತಿದ್ದುತ್ತಾ ಹೋದರೆ ಸುಳಿವು ಅಳಿಸಿಹೋಗುತ್ತದೆ. ಆರ್ಡರ್ ಸಂಖ್ಯೆ, ಲೊಕೇಶನ್, ನಿಮಿಷದವರೆಗಿನ ಸಮಯ ಇಷ್ಟನ್ನು ಬರೆದು ತಂತ್ರಾಂಶದವರಿಗೆ ಕೊಡಿ. ವೈಫೈ ಕಡಿತ ಒಂದೇ ಮೂಲೆಯಲ್ಲಿ ಇದ್ದರೆ ಮಾಲು ತುಂಬಿದ ಹೊತ್ತಿನಲ್ಲೇ ಸಿಗ್ನಲ್ ಅಳೆಯಿಸಿ, ಏಕೆಂದರೆ ಖಾಲಿ ರ‍್ಯಾಕಿನಲ್ಲಿ ಸಿಕ್ಕ ಸಿಗ್ನಲ್ ನೀರಿನ ಬಾಟಲಿ, ಶಾಂಪೂ ತುಂಬಿದ ಮೇಲೆ ಸಿಗುವುದಿಲ್ಲ.

ಲೇಬಲ್ ನೋಡಲು ಹೋದಾಗ ರ‍್ಯಾಕಿನ ಕಂಬ ಬಾಗಿದ್ದೋ ಬೀಮಿನ ಲಾಕ್ ಪಿನ್ ಇಲ್ಲದ್ದೋ ಕಂಡರೆ ಪಿಕಿಂಗ್ ಲೆಕ್ಕ ಅಲ್ಲಿಗೇ ಬಿಡಿ. ಆ ಭಾಗದಿಂದ ಜನರನ್ನು ದೂರವಿಡಿ, ಹತ್ತಿರ ಹೋಗದಂತೆ ಹಗ್ಗ ಕಟ್ಟಿ, ರ‍್ಯಾಕ್ ಹಾಕಿದವರನ್ನು ಕರೆಸಿ. ಅದರ ಮೇಲಿನ ಭಾರವನ್ನು ಅವರು ಹೇಳಿದಂತೆ ಇಳಿಸಿ, ಅವರು ನೋಡಿ ಒಪ್ಪುವವರೆಗೆ ಅಲ್ಲಿನ ಲೊಕೇಶನ್‌ಗಳನ್ನು ವ್ಯವಸ್ಥೆಯಲ್ಲಿ ಬ್ಲಾಕ್ ಮಾಡಿಡಿ.